ಕಿರುಚಿತ್ರದ ಅಂದಾಜುಪಟ್ಟಿ

ಕಿರುಚಿತ್ರವೊಂದನ್ನು ತೆಗೆಯಬೇಕೆಂದು ಹೊರಟ ವಿದ್ಯಾರ್ಥಿಗಳು ಮೊಟ್ಟಮೊದಲು ಕೇಳುವ ಪ್ರಶ್ನೆ, ಕ್ಯಾಮೆರಾಕ್ಕೆ ಬಾಡಿಗೆ ಎಷ್ಟು ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಚಿತ್ರದ ಖರ್ಚು ಅಲ್ಲಿಂದ ಹುಟ್ಟುವುದಿಲ್ಲ. ಈ ಚಿತ್ರಕ್ಕೆ ಎಷ್ಟು ದಿನಗಳ ಚಿತ್ರೀಕರಣ ಬೇಕು ಎಂಬುದು ಮೊದಲು ಕೇಳತಕ್ಕ ಪ್ರಶ್ನೆ. ಏಕೆಂದರೆ ಕ್ಯಾಮೆರಾದ ಬಾಡಿಗೆ, ವಾಹನದ ಬಾಡಿಗೆ, ಮನೆಯ ಬಾಡಿಗೆ, ಊಟ, ತಿಂಡಿ ಇವೆಲ್ಲವೂ ದಿನದ ಲೆಕ್ಕದಲ್ಲಿ ಬೆಳೆಯುವ ಖರ್ಚುಗಳು. ಒಂದು ದಿನ ಹೆಚ್ಚಿದರೆ ಎಲ್ಲವೂ ಒಟ್ಟಿಗೆ ಹೆಚ್ಚುತ್ತವೆ. ಒಂದು ದಿನ ಕಡಿಮೆಯಾದರೆ ಎಲ್ಲವೂ ಒಟ್ಟಿಗೆ ಇಳಿಯುತ್ತವೆ. ಆ ದಿನಗಳ ಸಂಖ್ಯೆಯನ್ನು ನಿರ್ಧರಿಸುವುದು ಅಂಗಡಿಯವನ ದರಪಟ್ಟಿಯಲ್ಲ, ಚಿತ್ರಕಥೆ. ಆದುದರಿಂದ ಅಂದಾಜುಪಟ್ಟಿ ಬರೆಯುವುದೆಂದರೆ ಚಿತ್ರಕಥೆಯನ್ನು ಇನ್ನೊಮ್ಮೆ ಬರೆಯುವುದು ಎಂದರೂ ಸಲ್ಲುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಮೈಸೂರಿನ ಎಂಟು ಮಂದಿ ವಿದ್ಯಾರ್ಥಿಗಳು ತಲಾ 10,000 ರೂಪಾಯಿ ಹಾಕಿ 80,000 ರೂಪಾಯಿ ಕೂಡಿಸಿದ್ದಾರೆ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದಿಬ್ಬರ ಪಾಲು ಮನೆಯವರು ಮುಂದಿನ ವರ್ಷದ ಶುಲ್ಕಕ್ಕೆಂದು ತೆಗೆದಿಟ್ಟ ಹಣ. ಕಥೆ ಸರಳವಾದದ್ದು: ಶ್ರೀರಂಗಪಟ್ಟಣದ ಬಳಿಯ ಒಂದು ಹಳ್ಳಿ, ಅಲ್ಲಿ ಹಳೆಯ ತೊಟ್ಟಿಮನೆ, ಅದನ್ನು ಮಾರಿ, ಒಬ್ಬಂಟಿಯಾಗಿರುವ ತಾಯಿಯನ್ನು ಬೆಂಗಳೂರಿಗೆ ಕರೆದೊಯ್ಯಲು ಬಂದ ಮಗ, ನೆರೆಮನೆಯ ಹುಡುಗಿ. ಮೂರೇ ಪಾತ್ರಗಳು. ಕೊನೆಯ ದೃಶ್ಯದಲ್ಲಿ ತಾಯಿ ರೈಲು ಹತ್ತುತ್ತಾಳೆ. ಚಿತ್ರಕಥೆ ಹನ್ನೆರಡು ಪುಟ. ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಚಿತ್ರರಂಗದ ರೂಢಿಯ ಅಳತೆ. ದಿನಕ್ಕೆ ಮೂರು ಪುಟದಂತೆ ನಾಲ್ಕು ದಿನ ಸಾಕೆಂದು ವಿದ್ಯಾರ್ಥಿಗಳು ಎಣಿಸಿದ್ದಾರೆ. ನಾನು ಹೇಳುವ ದರಗಳು ಲೆಕ್ಕದ ದಾರಿಯನ್ನು ತೋರಿಸುವುದಕ್ಕಾಗಿ ಇಟ್ಟುಕೊಂಡವು. ಊರಿನಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಅವು ಬದಲಾಗುತ್ತವೆ. ದಾರಿ ಮಾತ್ರ ಬದಲಾಗುವುದಿಲ್ಲ.

ಈ 80,000 ರೂಪಾಯಿಗಳಲ್ಲಿ ಮೊದಲು ತೆಗೆದಿಡಬೇಕಾದದ್ದು ಕೊನೆಗೆ ಖರ್ಚಾಗುವ ಹಣವನ್ನು. ವಿದ್ಯಾರ್ಥಿಗಳ ಚಿತ್ರಗಳು ಅರ್ಧದಲ್ಲಿ ನಿಲ್ಲುವುದು ಹೆಚ್ಚಾಗಿ ಚಿತ್ರೀಕರಣದಲ್ಲಲ್ಲ, ಅದು ಮುಗಿದ ಮೇಲೆ. ಹೊರಗೆ ಹೋಗಿ ಚಿತ್ರ ತೆಗೆಯುವಾಗ ಎಲ್ಲರಿಗೂ ಹುಮ್ಮಸ್ಸು. ಕೈಯಲ್ಲಿದ್ದ ಹಣವೆಲ್ಲ ಅಲ್ಲಿಯೇ ಕರಗುತ್ತದೆ. ಆಮೇಲೆ ಸಂಕಲನಕ್ಕೆ, ಧ್ವನಿ ಮಿಶ್ರಣಕ್ಕೆ ಕಾಸಿಲ್ಲದೆ ಚಿತ್ರವು ಯಾರದೋ ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ ಉಳಿದುಬಿಡುತ್ತದೆ. ಆದುದರಿಂದ ಸಂಕಲನಕಾರನಿಗೆ 8,000, ಸ್ಟುಡಿಯೋದಲ್ಲಿ ಧ್ವನಿ ಮಿಶ್ರಣಕ್ಕೆ 8,000, ಎರಡು ಹಾರ್ಡ್ ಡಿಸ್ಕುಗಳಿಗೆ 9,000, ಒಟ್ಟು 25,000 ರೂಪಾಯಿಗಳನ್ನು ಮೊದಲ ದಿನವೇ ಬೇರೆ ಖಾತೆಯಲ್ಲಿ ಇಡತಕ್ಕದ್ದು. ಮೊತ್ತದ ಹತ್ತನೆಯ ಒಂದು ಪಾಲು, ಅಂದರೆ 8,000 ರೂಪಾಯಿ, ಅನಿರೀಕ್ಷಿತ ಖರ್ಚಿನ ಆಪದ್ಧನ. ಉಳಿದದ್ದು 47,000. ಚಿತ್ರೀಕರಣಕ್ಕೆ ನಿಜವಾಗಿ ಇರುವ ಹಣ ಇಷ್ಟೇ.

ಇನ್ನು ಒಂದು ದಿನದ ಬೆಲೆಯನ್ನು ನೋಡೋಣ. ಕ್ಯಾಮೆರಾ ಮತ್ತು ಮಸೂರಗಳಿಗೆ 3,000, ಧ್ವನಿಮುದ್ರಣದ ಯಂತ್ರ ಮತ್ತು ಮೈಕುಗಳಿಗೆ 1,500, ಮುಕ್ಕಾಲಿ ಮೊದಲಾದ ಸಲಕರಣೆಗಳಿಗೆ 500, ದೀಪಗಳಿಗೆ ಅವುಗಳೊಡನೆ ಬರುವ ಲೈಟ್‌ಮ್ಯಾನ್‌ನ ಭತ್ಯೆಯೂ ಸೇರಿ 2,000. ಒಟ್ಟು 7,000. ಬಾಯಲ್ಲಿ ಹೇಳಿದ ದರಕ್ಕೆ ಬಿಲ್ಲಿನಲ್ಲಿ ಶೇಕಡಾ 18ರಷ್ಟು ಜಿ.ಎಸ್.ಟಿ. ಸೇರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯುವುದುಂಟು, ಸೇರಿಸಿದರೆ 8,260. ಮೈಸೂರಿನಿಂದ ಹೋಗಿಬರುವ ಟೆಂಪೊ ಟ್ರಾವೆಲರ್‌ಗೆ 4,000. ತೊಟ್ಟಿಮನೆಗೆ, ವಿದ್ಯುತ್ತಿನ ಖರ್ಚೂ ಸೇರಿದಂತೆ, 1,500. ಊಟ ತಿಂಡಿಗೆ 3,500. ಎಲ್ಲ ಕೂಡಿದರೆ ಒಂದು ದಿನದ ಬೆಲೆ 17,260 ರೂಪಾಯಿ. ನಾಲ್ಕು ದಿನಕ್ಕೆ 69,040. ಮೂರು ದಿನಕ್ಕೆ ಇಳಿಸಿದರೂ 51,780. ಇರುವುದು 47,000.

ಇಲ್ಲಿ ವಿದ್ಯಾರ್ಥಿಗಳ ಕೈ ತಾನಾಗಿಯೇ ಸಂಕಲನದ ಹಣದ ಕಡೆಗೆ ಚಾಚುತ್ತದೆ. "ಈಗ ತೆಗೆದುಬಿಡೋಣ, ಸಂಕಲನವನ್ನು ಆಮೇಲೆ ನೋಡಿಕೊಂಡರಾಯಿತು" ಎಂಬ ಮಾತು ಬರುವುದು ಈ ಘಟ್ಟದಲ್ಲಿ. ಈ ಮಾತಿಗೆ ಕಿವಿಗೊಡದೆ ಚಿತ್ರಕಥೆಯ ಕಡೆಗೆ ತಿರುಗಬೇಕು. ಹನ್ನೆರಡು ಪುಟಗಳಲ್ಲಿ ಅತ್ಯಂತ ದುಬಾರಿಯಾದ ಪುಟಗಳು ಯಾವುವು? ಉತ್ತರ ಸ್ಪಷ್ಟವಾಗಿದೆ: ರೈಲು ನಿಲ್ದಾಣದ್ದು.

ಸ್ಥಳದ ಅನುಮತಿ ಎಂಬುದು ಕೇವಲ ಶುಲ್ಕದ ವಿಷಯವಲ್ಲ. ಅದು ಕಾಲದ ವಿಷಯ. ರೈಲು ನಿಲ್ದಾಣದಲ್ಲಿ ಚಿತ್ರೀಕರಿಸಬೇಕಾದರೆ ಆ ವಲಯದ ರೈಲ್ವೆಗೆ ಅರ್ಜಿ ಹೋಗಬೇಕು. ಮೈಸೂರಿನ ಸುತ್ತಮುತ್ತ ಅದು ನೈಋತ್ಯ ರೈಲ್ವೆ. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಅರ್ಜಿಯೊಡನೆ ಕಥೆಯ ಪ್ರತಿ ಬೇಕು. ಶುಲ್ಕ, ಠೇವಣಿ, ವಿಮೆ ಎಂಬ ಬಾಬುಗಳು ಬರುತ್ತವೆ. ಉತ್ತರ ಬರುವವರೆಗೆ ಕಾಯಬೇಕು. ಐತಿಹಾಸಿಕ ಸ್ಥಳಗಳಲ್ಲೂ ಹೀಗೆಯೇ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಂತೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಟ್ಟಡದ ಬಳಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಡುವುದಕ್ಕೇ ಅನುಮತಿ ಬೇಕು. ಕಥಾಚಿತ್ರ ತೆಗೆಯುವುದಕ್ಕಂತೂ ಬೇಕೇ ಬೇಕು. ಅನುಮತಿಯಿಲ್ಲದೆ ಕದ್ದು ತೆಗೆಯುತ್ತೇವೆಂದು ಹೊರಟವರನ್ನು ಕಾವಲಿನವರು ತಡೆದು ನಿಲ್ಲಿಸಿದರೆ, ನಷ್ಟವಾಗುವುದು ದಂಡದ ಹಣವಷ್ಟೇ ಅಲ್ಲ. ಆ ದಿನದ 17,260 ರೂಪಾಯಿಯೂ ಹೋಯಿತು.

ನಮ್ಮ ವಿದ್ಯಾರ್ಥಿಗಳು ಕಥೆಯನ್ನು ಹೀಗೆ ತಿದ್ದುತ್ತಾರೆ. ತಾಯಿ ರೈಲು ಹತ್ತುವುದಿಲ್ಲ. ಊರಮುಂದಿನ ಅರಳಿಕಟ್ಟೆಯ ಮೇಲೆ ಗಂಟನ್ನು ಪಕ್ಕಕ್ಕಿಟ್ಟುಕೊಂಡು ಬಸ್ಸಿಗೆ ಕಾಯುತ್ತಾಳೆ. ಬಸ್ಸನ್ನು ತೋರಿಸಬೇಕಾಗಿಲ್ಲ. ದೂರದಿಂದ ಹಾರನ್ನಿನ ಸದ್ದು ಬರುತ್ತದೆ, ಆಕೆ ಏಳುತ್ತಾಳೆ, ಕಟ್ಟೆ ಬರಿದಾಗುತ್ತದೆ. ರೈಲು ಹೋಯಿತು, ಅದರೊಡನೆ ನಿಲ್ದಾಣದ ಜನಜಂಗುಳಿಯೂ ಎರಡು ಪುಟಗಳೂ ಹೋದವು. ಉಳಿದ ಹತ್ತು ಪುಟಗಳಲ್ಲಿ ಎಂಟು ಪುಟ ತೊಟ್ಟಿಮನೆಯೊಳಗಿನವು. ಎರಡು ಪುಟ ಅರಳಿಕಟ್ಟೆ ಮತ್ತು ಹೊಳೆಯ ದಂಡೆಯವು. ಒಂದೇ ಮನೆಯೊಳಗೆ, ದೀಪಗಳನ್ನು ಹೆಚ್ಚು ಸರಿಸದೆ, ದಿನಕ್ಕೆ ನಾಲ್ಕು ಪುಟ ಮುಗಿಸುವುದು ಕಷ್ಟವಾದರೂ ಸಾಧ್ಯ. ಜಾಗ ಬದಲಿಸುವಾಗ ಸಾಮಾನು ಕಟ್ಟಿ, ಏರಿಸಿ, ಇಳಿಸಿ, ಮತ್ತೆ ಜೋಡಿಸುವುದಕ್ಕೆ ಎರಡು ಗಂಟೆ ಹಿಡಿಯುತ್ತದೆ. ಆ ಎರಡು ಗಂಟೆಗೂ ಬಾಡಿಗೆ ಓಡುತ್ತಲೇ ಇರುತ್ತದೆ.

ಹೀಗೆ ಶನಿವಾರ, ಭಾನುವಾರ ಎರಡು ಪೂರ್ಣ ದಿನಗಳು ಮನೆಯೊಳಗೆ. ಸೋಮವಾರ ಒಂದು ಸಣ್ಣ ದಿನ ಹೊರಗೆ. ಭಾನುವಾರ ಸಂಜೆಯೇ ದೀಪಗಳು ಅಂಗಡಿಗೆ ಮರಳುತ್ತವೆ, ವ್ಯಾನಿನ ಬಾಡಿಗೆ ಮುಗಿಯುತ್ತದೆ. ಸೋಮವಾರ ನಿರ್ದೇಶಕ, ಛಾಯಾಗ್ರಾಹಕ, ಧ್ವನಿಗ್ರಾಹಕ, ಒಬ್ಬ ಸಹಾಯಕ, ಇಬ್ಬರು ನಟರು, ಹೀಗೆ ಆರೇ ಜನ ಮೂರು ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಾರೆ. ಆ ದಿನದ ಸಲಕರಣೆಗೆ ತೆರಿಗೆ ಸೇರಿ 5,900, ಊಟಕ್ಕೆ 1,500, ಪೆಟ್ರೋಲಿಗೆ 600, ಒಟ್ಟು 8,000. ಎರಡು ಪೂರ್ಣ ದಿನಗಳ 34,520 ಸೇರಿದರೆ 42,520. ಉಳಿಯುವ 4,480ರಲ್ಲಿ ತಾಯಿಯ ಪಾತ್ರ ವಹಿಸುವ ಹವ್ಯಾಸಿ ರಂಗಭೂಮಿಯ ಹಿರಿಯ ಕಲಾವಿದೆಗೆ 3,000 ಗೌರವಧನ. ಮಿಕ್ಕ 1,480 ಉಡುಪು ಮತ್ತು ಸಾಮಾನಿಗೆ. ಲೆಕ್ಕ ಕೂಡಿತು. ಸಂಕಲನದ ಹಣವನ್ನು ಯಾರೂ ಮುಟ್ಟಲಿಲ್ಲ.

ಆದರೆ ಕಾಗದದ ಮೇಲೆ ಕೂಡಿದ ಲೆಕ್ಕ ಅಂಗಳದಲ್ಲಿ ಕೂಡುವುದಕ್ಕೆ ಕೆಲವು ಎಚ್ಚರಗಳು ಬೇಕು.

ಸಲಕರಣೆಯ ವಿಚಾರದಲ್ಲಿ, ಅಗ್ಗದ ವಸ್ತು ದುಬಾರಿಯಾಗುವ ಒಂದು ಸಂದರ್ಭವನ್ನು ಮಾತ್ರ ಹೇಳುತ್ತೇನೆ. ಹಳೆಯ ಹ್ಯಾಲೊಜನ್ ದೀಪಗಳ ಬಾಡಿಗೆ ಕಡಿಮೆ. ಆದರೆ ಅಂಥ ಸಾವಿರ ವಾಟಿನ ಎರಡು ದೀಪಗಳನ್ನು ಒಟ್ಟಿಗೆ ಉರಿಸಿದರೆ ನಮ್ಮ 230 ವೋಲ್ಟಿನ ವಿದ್ಯುತ್ತಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತವೆ. ಹಳೆಯ ಮನೆಗಳ ಸಾಮಾನ್ಯ ಪ್ಲಗ್ಗು ಐದು ಆಂಪಿಯರಿನದು. ಫ್ಯೂಸು ಹಾರುತ್ತದೆ, ಇಲ್ಲವೆ ಗೋಡೆಯೊಳಗಿನ ತಂತಿ ಬಿಸಿಯಾಗುತ್ತದೆ, ಅದು ಇನ್ನೂ ಅಪಾಯಕರ. ಆಗ ಜನರೇಟರ್ ತರಿಸಬೇಕು. ಅದರ ಬಾಡಿಗೆ, ಡೀಸೆಲ್ಲು, ಜೊತೆಗೆ ಅದರ ಗದ್ದಲ. ಇನ್ನೂರು ವಾಟಿನ ಎಲ್.ಇ.ಡಿ. ದೀಪವಾದರೋ ಒಂದು ಆಂಪಿಯರನ್ನೂ ಎಳೆಯುವುದಿಲ್ಲ. ಆದುದರಿಂದ ಬಾಡಿಗೆ ಹೆಚ್ಚಾದರೂ ಎಲ್.ಇ.ಡಿ.ಯನ್ನೇ ಪಟ್ಟಿಯಲ್ಲಿ ಬರೆದದ್ದು. ಕಿಟಕಿಗಳಿಗೆ ಹೊರಗಿನಿಂದ ಕಪ್ಪು ಬಟ್ಟೆ ಕಟ್ಟಿ, ಮನೆಯೊಳಗಿನ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ತೆಗೆಯಬಹುದು. ಅದರಿಂದ ರಾತ್ರಿಯ ಊಟದ ಖರ್ಚೂ ವಾಹನದ ಕಾಯುವ ಕೂಲಿಯೂ ಉಳಿಯುತ್ತವೆ. ಬಾಡಿಗೆಯ ಒಂದು ದಿನ ಎಂದರೆ ಹನ್ನೆರಡು ಗಂಟೆಯೋ ಇಪ್ಪತ್ತನಾಲ್ಕು ಗಂಟೆಯೋ, ಹಿಂದಿನ ಸಂಜೆ ಸಾಮಾನು ತಂದರೆ ಅದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ಸಾಮಾನು ಪಡೆಯುವಾಗ ಪ್ರತಿಯೊಂದು ಮಸೂರದ ಗಾಜನ್ನೂ ಅಂಗಡಿಯವರ ಎದುರಿನಲ್ಲೇ ಫೋಟೋ ತೆಗೆದಿಟ್ಟುಕೊಂಡರೆ, ಮೊದಲೇ ಇದ್ದ ಗೀರಿಗೆ ಆಮೇಲೆ ನೀವು ಬೆಲೆ ತೆರಬೇಕಾಗುವುದಿಲ್ಲ.

ಖಾಸಗಿ ಮನೆಯ ಅನುಮತಿಯೂ ಬರವಣಿಗೆಯಲ್ಲಿ ಇರಬೇಕು. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಕೋಣೆಗಳು, ವಿದ್ಯುತ್ತಿನ ಹಣ ಯಾರದು, ಹೋಗುವಾಗ ಮನೆಯನ್ನು ಹೇಗಿತ್ತೋ ಹಾಗೆ ಮಾಡಿಕೊಡುವವರು ಯಾರು, ಇಷ್ಟಿದ್ದರೆ ಸಾಕು. ಒಪ್ಪಿಗೆ ಕೊಟ್ಟವರು ಅಣ್ಣನಾದರೆ ಆ ಮನೆಯಲ್ಲಿ ತಮ್ಮನ ಪಾಲೂ ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಅರಳಿಕಟ್ಟೆಗೆ ಪಂಚಾಯಿತಿಯ ಒಂದು ಪತ್ರ, ಠಾಣೆಗೆ ಒಂದು ತಿಳುವಳಿಕೆಯ ಪತ್ರ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸ್ಥಳವನ್ನು ಕಿವಿಯಿಂದ ನೋಡುವುದು. ಬುಧವಾರ ಸಂಜೆ ಹೋಗಿ ನೋಡಿದಾಗ ನಿಶ್ಶಬ್ದವಾಗಿದ್ದ ಮನೆಯ ಹಿಂದೆ, ಶನಿವಾರ ಬೆಳಿಗ್ಗೆ ಹಿಟ್ಟಿನ ಗಿರಣಿ ಓಡುತ್ತಿರಬಹುದು. ಗಿರಣಿಯ ಸದ್ದಿನಲ್ಲಿ ಮುದ್ರಿಸಿದ ಮಾತು ಉಪಯೋಗಕ್ಕೆ ಬಾರದು. ನಟರನ್ನು ಸ್ಟುಡಿಯೋಕ್ಕೆ ಕರೆಸಿ ಮತ್ತೆ ಮಾತಾಡಿಸಬೇಕು. ಆ ಖರ್ಚು ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಆದ್ದರಿಂದ ಚಿತ್ರೀಕರಣ ನಡೆಯುವ ವಾರದಂದೇ, ಅದೇ ಹೊತ್ತಿನಲ್ಲಿ ಒಮ್ಮೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತು ಕೇಳಿ ಬರಬೇಕು.

ಇನ್ನು ಊಟ. ಅಂದಾಜುಪಟ್ಟಿಯಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಈ ಬಾಬಿನಲ್ಲಿ. ತಪ್ಪು ದರದಲ್ಲಲ್ಲ, ತಲೆಯ ಎಣಿಕೆಯಲ್ಲಿ. ಎಂಟು ವಿದ್ಯಾರ್ಥಿಗಳೆಂದು ಎಂಟು ಊಟ ಬರೆಯುತ್ತಾರೆ. ಆದರೆ ಮೂವರು ನಟರಿದ್ದಾರೆ, ಲೈಟ್‌ಮ್ಯಾನ್ ಇದ್ದಾನೆ, ವ್ಯಾನಿನ ಚಾಲಕನಿದ್ದಾನೆ, ಮನೆ ಬಿಟ್ಟುಕೊಟ್ಟ ಅಜ್ಜಿಯಿದ್ದಾರೆ. ಅವರ ಅಡಿಗೆಮನೆಯನ್ನೇ ನೀವು ಚಿತ್ರೀಕರಣಕ್ಕೆ ಹಿಡಿದಿರುವಾಗ ಅವರಿಗೆ ಊಟ ನೀವೇ ಹಾಕಬೇಕಲ್ಲವೇ? ಹದಿನಾಲ್ಕು ಮಂದಿಯಾಯಿತು. ಬೆಳಗಿನ ತಿಂಡಿಗೆ 60, ಮಧ್ಯಾಹ್ನದ ಊಟಕ್ಕೆ 110, ಎರಡು ಸಲದ ಕಾಫಿಗೆ 30, ಸಂಜೆಯ ತಿಂಡಿಗೆ 35, ಕುಡಿಯುವ ನೀರಿಗೆ 15, ತಲೆಗೆ 250 ರೂಪಾಯಿ. 3,500 ಬಂದದ್ದು ಹೀಗೆ.

ಇದನ್ನು ಕಡಿಮೆ ಮಾಡುವ ಆಸೆ ಹುಟ್ಟುತ್ತದೆ. ಸಂಬಳವಿಲ್ಲದೆ ದುಡಿಯುವ ಗುಂಪಿಗೆ ಊಟವೇ ಸಂಬಳ ಎಂಬುದನ್ನು ಆಗ ನೆನೆಯಬೇಕು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರಿಗೆ ಎರಡೂವರೆಯಾದರೂ ಊಟ ಬಾರದಿದ್ದರೆ, ಮುಕ್ಕಾಲಿ ಹಿಡಿದ ಹುಡುಗ ನಿಧಾನವಾಗುತ್ತಾನೆ, ಹಿರಿಯ ಕಲಾವಿದೆಗೆ ಮಾತು ಮರೆಯುತ್ತದೆ, ಒಂದೇ ಹೊಡೆತವನ್ನು ಏಳು ಸಲ ತೆಗೆಯಬೇಕಾಗುತ್ತದೆ. ಊಟವನ್ನು ಹನ್ನೆರಡೂವರೆಗೇ ಇಟ್ಟುಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ. ಆ ಹೊತ್ತಿನಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ. ತೊಟ್ಟಿಯೊಳಗೆ ಬೀಳುವ ಬಿಸಿಲು ಮುಖದ ಮೇಲೆ ಕಣ್ಣುಗಳನ್ನು ಕಪ್ಪಾಗಿಸುತ್ತದೆ. ಹೇಗೂ ಒಳ್ಳೆಯ ಚಿತ್ರ ಬಾರದ ವೇಳೆಯನ್ನು ಊಟಕ್ಕೆ ಕೊಟ್ಟರೆ ನಷ್ಟವಿಲ್ಲ. ಊಟವನ್ನು ಹಳ್ಳಿಯಲ್ಲೇ ಒಂದು ಮನೆಯವರಿಗೆ ಮುಂಗಡ ಕೊಟ್ಟು ಮಾಡಿಸುವುದು ಲೇಸು. ಮೈಸೂರಿನಿಂದ ಪೊಟ್ಟಣ ತರಿಸಿದರೆ ವ್ಯಾನೂ ಒಬ್ಬ ಹುಡುಗನೂ ಎರಡು ಗಂಟೆ ಕೆಲಸಕ್ಕಿಲ್ಲದಂತಾಗುತ್ತದೆ.

ಕೊನೆಗೆ ಸಂಕಲನ. ಕ್ಯಾಮೆರಾದಲ್ಲಿ ಸೆಕೆಂಡಿಗೆ ನೂರು ಮೆಗಾಬಿಟ್ ವೇಗದಲ್ಲಿ ಚಿತ್ರ ದಾಖಲಾದರೆ ಒಂದು ಗಂಟೆಗೆ 45 ಗಿಗಾಬೈಟ್ ಜಾಗ ಬೇಕು. ಹತ್ತು ನಿಮಿಷದ ಚಿತ್ರಕ್ಕೆ ಹತ್ತುಪಟ್ಟು, ಅಂದರೆ ನೂರು ನಿಮಿಷ ತೆಗೆದರೂ ಅದು 75 ಗಿಗಾಬೈಟ್ ಮಾತ್ರ. ಹೀಗಿರಲು ಎರಡು ಹಾರ್ಡ್ ಡಿಸ್ಕುಗಳೇಕೆ? ಜಾಗಕ್ಕಾಗಿ ಅಲ್ಲ, ಭದ್ರತೆಗಾಗಿ. ಪ್ರತಿ ಸಂಜೆ ಒಬ್ಬನೇ ಜವಾಬ್ದಾರಿ ಹೊತ್ತು, ಮೆಮೊರಿ ಕಾರ್ಡಿನಲ್ಲಿರುವುದನ್ನು ಎರಡೂ ಡಿಸ್ಕುಗಳಿಗೆ ನಕಲು ಮಾಡಿ, ಎರಡರಿಂದಲೂ ಓಡಿಸಿ ನೋಡಿ, ಆಮೇಲೆಯೇ ಕಾರ್ಡನ್ನು ಅಳಿಸಬೇಕು. ಆ ಎರಡು ಡಿಸ್ಕುಗಳು ಒಂದೇ ಚೀಲದಲ್ಲಿ ಪ್ರಯಾಣ ಮಾಡಬಾರದು. ಒಂದು ದಿನದ ಚಿತ್ರ ಕಳೆದುಹೋದರೆ ಅದರ ಬೆಲೆ ಮತ್ತೆ 17,260.

ಡಾವಿಂಚಿ ರಿಸಾಲ್ವ್‌ನಂಥ ಸಂಕಲನ ತಂತ್ರಾಂಶ ಉಚಿತವಾಗಿಯೂ ದೊರೆಯುವುದರಿಂದ ಅದಕ್ಕೆ ಹಣ ಬೇಡ. ಹಣ ಬೇಕಾದದ್ದು ಮನುಷ್ಯನ ವೇಳೆಗೆ. ಸಂಕಲನಕಾರನೊಡನೆ ಒಪ್ಪಂದ ಮಾಡಿಕೊಳ್ಳುವಾಗ ಮೊದಲ ಜೋಡಣೆ, ಆ ಮೇಲೆ ಎರಡು ತಿದ್ದುಪಡಿ, ಅಲ್ಲಿಗೆ ಚಿತ್ರ ಸ್ಥಿರ ಎಂದು ಗೆರೆ ಎಳೆಯಬೇಕು. ಧ್ವನಿಯ ಕೆಲಸ ಆರಂಭವಾದ ಮೇಲೆ ಚಿತ್ರದಲ್ಲಿ ಎರಡು ಸೆಕೆಂಡು ಕತ್ತರಿಸಿದರೂ, ಅಲ್ಲಿಂದ ಮುಂದಿನ ಧ್ವನಿಯೆಲ್ಲ ಜಾಗ ತಪ್ಪುತ್ತದೆ. ಸ್ಟುಡಿಯೋದ ಗಂಟೆಗಳು ಮತ್ತೆ ಎಣಿಕೆಗೆ ಬರುತ್ತವೆ. ಖರ್ಚಿಲ್ಲದ ಒಂದು ಉಪಾಯವನ್ನೂ ಹೇಳಬೇಕು. ಪ್ರತಿ ಕೋಣೆಯ ಕೆಲಸ ಮುಗಿದಾಗ ಎಲ್ಲರೂ ಅಲುಗದೆ ನಿಂತು, ಆ ಕೋಣೆಯ ಮೌನವನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳಬೇಕು. ಮಾತುಮಾತಿನ ನಡುವೆ ಕತ್ತರಿಸಿದ ಜಾಗಗಳನ್ನು ತುಂಬಲು ಸಂಕಲನಕಾರನಿಗೆ ಬೇಕಾದದ್ದು ಆ ಮೌನವೇ. ತಾಯಿಯ ಮನೆಯ ರೇಡಿಯೋದಲ್ಲಿ ಹಳೆಯ ಚಿತ್ರಗೀತೆ ಬರಲಿ ಎಂದು ಆಸೆಪಟ್ಟರೆ, ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಬಳಿಕ 60 ವರ್ಷ ಇರುತ್ತದೆಂಬುದನ್ನೂ, ಗೀತೆ ಬರೆದವರ, ಸ್ವರ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಬಾಳುತ್ತದೆಂಬುದನ್ನೂ ನೆನಪಿಡಬೇಕು. ಆ ಕಲಾವಿದೆಯೇ ತಮಗೆ ಬರುವ ಒಂದು ಬೀಸುವ ಪದವನ್ನು ಗುನುಗಿದರೆ ಈ ತೊಡಕಿಲ್ಲ.

ಇಷ್ಟಾದ ಮೇಲೂ ಆಪದ್ಧನ ಏಕೆಂದು ಕೇಳಬಹುದು. ಸತ್ಯಜಿತ್ ರಾಯ್ ಅವರು 'ಪಥೇರ್ ಪಾಂಚಾಲಿ'ಯ ಚಿತ್ರೀಕರಣವನ್ನು 1952ರ ಅಕ್ಟೋಬರ್ 27ರಂದು ಬಿಳಿಯ ಕಾಶಹೂಗಳ ಬಯಲಿನಲ್ಲಿ ಆರಂಭಿಸಿದರು. ಒಂದು ವಾರ ಬಿಟ್ಟು ಉಳಿದ ಭಾಗ ತೆಗೆಯಲು ಹೋದಾಗ ಹೂವುಗಳನ್ನೆಲ್ಲ ದನಗಳು ಮೇದಿದ್ದವು. ಆ ದೃಶ್ಯ ಮುಗಿಸಲು ಮತ್ತೆ ಹೂ ಬಿಡುವ ಕಾಲಕ್ಕೆ ಕಾಯಬೇಕಾಯಿತು. ಹಣ ಮುಗಿದು ಚಿತ್ರ ನಿಂತಿತು. ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಮುಂದುವರಿದು 1955ರಲ್ಲಿ ತೆರೆಕಂಡಿತು. ಆ ನಡುವೆ ಅಪುವಿನ ಧ್ವನಿ ಒಡೆಯಲಿಲ್ಲ, ದುರ್ಗೆ ದೊಡ್ಡವಳಾಗಲಿಲ್ಲ, ಮುದುಕಿಯ ಪಾತ್ರಧಾರಿಣಿ ತೀರಿಕೊಳ್ಳಲಿಲ್ಲ. ಇವು ಮೂರೂ ಪವಾಡಗಳೆಂದು ರಾಯ್ ಅವರೇ ಹೇಳಿಕೊಂಡಿದ್ದಾರೆ. ಪವಾಡವನ್ನು ಅಂದಾಜುಪಟ್ಟಿಯಲ್ಲಿ ಬರೆಯಲಾಗದು. ತೊಟ್ಟಿಮನೆ ಮಾರಾಟವಾಗಬಹುದು, ಹುಡುಗಿ ಕೂದಲು ಕತ್ತರಿಸಿಕೊಳ್ಳಬಹುದು. ನಿಂತ ಚಿತ್ರವನ್ನು ನಿಂತಲ್ಲಿಂದಲೇ ಎತ್ತಿಕೊಳ್ಳುವುದು ಬಹಳ ಕಷ್ಟ.

ಆದುದರಿಂದ ಶನಿವಾರ ರಾತ್ರಿ, ಎಷ್ಟೇ ದಣಿದಿದ್ದರೂ, ಅಂದಾಜು ಎಷ್ಟು, ಆದದ್ದು ಎಷ್ಟು ಎಂದು ಎರಡು ಕಲಮುಗಳಲ್ಲಿ ಬರೆಯಬೇಕು. ಮೊದಲ ದಿನವೇ ಆಪದ್ಧನದ ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ, ಅಥವಾ ನಾಲ್ಕು ಪುಟಗಳ ಬದಲು ಮೂರೇ ಮುಗಿದಿದ್ದರೆ, ಆ ರಾತ್ರಿಯೇ ಎಲ್ಲರೂ ಕುಳಿತು ಯಾವ ದೃಶ್ಯವನ್ನು ಬಿಡಬಹುದೆಂದು ನಿರ್ಧರಿಸತಕ್ಕದ್ದು. ಮಗ ದಲ್ಲಾಳಿಯೊಡನೆ ಫೋನಿನಲ್ಲಿ ಮಾತಾಡುವ ಒಂದು ಪುಟ ಹೋದರೆ ಚಿತ್ರ ನಿಲ್ಲುತ್ತದೆ. ಸಂಕಲನಕ್ಕೆಂದು ಬೇರೆ ಇಟ್ಟ 25,000 ಹೋದರೆ ಅರಳಿಕಟ್ಟೆಯ ಮೇಲೆ ಕುಳಿತ ಆ ತಾಯಿ ಏಳುವುದೇ ಇಲ್ಲ.